ಒಪ್ಪಿಗೆ ಬಂದಿದೆ, ಹಣ ಬಂದಿಲ್ಲ: ಎಸ್ಕ್ರೋ ಬಿಡುಗಡೆಗೆ ಕ್ಲೈಂಟಿಗೆ ಬರೆಯುವುದು ಹೇಗೆ?

‘ಚಿತ್ರಗಳು ತುಂಬಾ ಚೆನ್ನಾಗಿ ಬಂದಿವೆ, ಇವನ್ನೇ ಅಂತಿಮ ಮಾಡೋಣ’ ಎಂದು ಕ್ಲೈಂಟ್ ಸಂದೇಶ ಕಳುಹಿಸಿ ಹತ್ತು ದಿನ ಕಳೆದರೂ ಹಣ ಕೈಸೇರದಿದ್ದರೆ, ಅವರು ಕೊಡಲು ಮನಸ್ಸಿಲ್ಲದೆ ಸುಮ್ಮನಿದ್ದಾರೆ ಎಂದು ತಿಳಿಯುವುದಕ್ಕೆ ಮೊದಲು ಒಂದು ವಿಷಯವನ್ನು ಪರಿಶೀಲಿಸಬೇಕು. ಫ್ರೀಲ್ಯಾನ್ಸ್ ವೇದಿಕೆಗಳಲ್ಲಿ ಸಂದೇಶದ ಮೂಲಕ ಬಂದ ಒಪ್ಪಿಗೆಗೂ ಹಣದ ಬಿಡುಗಡೆಗೂ ತಾನಾಗಿ ಸಂಬಂಧ ಏರ್ಪಡುವುದಿಲ್ಲ. ಕೆಲಸದ ಒಂದೊಂದು ಹಂತಕ್ಕೆ, ಅಂದರೆ ಮೈಲ್‌ಸ್ಟೋನಿಗೆ, ನಿಗದಿಯಾದ ಹಣ ಎಸ್ಕ್ರೋದಲ್ಲಿ, ಅಂದರೆ ಎರಡೂ ಕಡೆಯವರ ಕೈಗೆ ಸಿಗದಂತೆ ಮೂರನೆಯವರ ಬಳಿ, ಇರುತ್ತದೆ. ಕ್ಲೈಂಟ್ ಎಷ್ಟೇ ಹೊಗಳಿದರೂ ನಿಗದಿತ ಬಟನ್ ಒತ್ತುವವರೆಗೆ ಅಥವಾ ನಿಗದಿತ ಅವಧಿ ಮುಗಿಯುವವರೆಗೆ ಅದು ಅಲ್ಲಿಂದ ಕದಲುವುದಿಲ್ಲ.

ಕರ್ನಾಟಕದ ಅನೇಕರು ಕೆಲಸ ಮಾಡುವ ಅಪ್‌ವರ್ಕ್ ವೇದಿಕೆಯ ನಿಗದಿತ ಮೊತ್ತದ ಒಪ್ಪಂದವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಶಿರಸಿಯ ಒಬ್ಬ ಚಿತ್ರಕಲಾವಿದೆ, ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗ ಕ್ಲೈಂಟೊಬ್ಬರಿಗಾಗಿ ಮಕ್ಕಳ ಅಕ್ಷರ ಕಾರ್ಡುಗಳಿಗೆ ಚಿತ್ರ ಬರೆಯುತ್ತಿದ್ದಾರೆ ಎನ್ನೋಣ. ಒಟ್ಟು 500 ಡಾಲರಿನ ಕೆಲಸವನ್ನು ಮೂರು ಮೈಲ್‌ಸ್ಟೋನುಗಳಾಗಿ ಹಂಚಲಾಗಿದೆ: ಕರಡು ರೇಖಾಚಿತ್ರಗಳಿಗೆ 150, ಬಣ್ಣ ತುಂಬಿದ 24 ಚಿತ್ರಗಳಿಗೆ 250, ಮುದ್ರಣಕ್ಕೆ ಸಿದ್ಧವಾದ ಕಡತಗಳಿಗೆ 100 ಡಾಲರ್. ಎರಡನೆಯ ಮೈಲ್‌ಸ್ಟೋನಿನ ಚಿತ್ರಗಳನ್ನು ಜೂನ್ 3ರಂದು ಕಳುಹಿಸಿದರು, ಜೂನ್ 5ರಂದು ‘ಅಂತಿಮ ಮಾಡೋಣ’ ಎಂಬ ಉತ್ತರವೂ ಬಂತು, ಜೂನ್ 15 ಆದರೂ 250 ಡಾಲರ್ ಬಂದಿಲ್ಲ.

ಬರೆಯುವ ಮೊದಲು ಹಣ ಎಲ್ಲಿದೆ ಎಂದು ನೋಡಿ

ಕ್ಲೈಂಟಿಗೆ ಬರೆಯಲು ಕೂರುವ ಮೊದಲು ನಿಮ್ಮ ಗಳಿಕೆಯ ಪುಟವನ್ನು ತೆರೆಯಿರಿ. ಅಲ್ಲಿ ಹಣ ನಾಲ್ಕು ಹೆಸರುಗಳಡಿ ಕಾಣಿಸುತ್ತದೆ ಮತ್ತು ಪ್ರತಿಯೊಂದು ಹೆಸರೂ ಮುಂದಿನ ಹೆಜ್ಜೆ ಯಾರದು ಎಂಬುದನ್ನು ಹೇಳುತ್ತದೆ. `Work in progress` ಎಂದಿದ್ದರೆ ಎಸ್ಕ್ರೋದಲ್ಲಿ ಹಣ ಇದೆ, ಆದರೆ ನೀವಿನ್ನೂ ಕೆಲಸವನ್ನು ವಿಧಿವತ್ತಾಗಿ ಒಪ್ಪಿಸಿಲ್ಲ. `In review` ಎಂದಿದ್ದರೆ ಒಪ್ಪಿಸಿದ್ದೀರಿ, ಈಗ ಕ್ಲೈಂಟ್ ನೋಡಬೇಕು. `Pending` ಎಂದಿದ್ದರೆ ಕ್ಲೈಂಟ್ ಆಗಲೇ ಬಿಡುಗಡೆ ಮಾಡಿಯಾಗಿದೆ, ವೇದಿಕೆ ತನ್ನ 5 ದಿನಗಳ ಭದ್ರತಾ ಅವಧಿಗಾಗಿ ಹಿಡಿದುಕೊಂಡಿದೆ. `Available` ಎಂದರೆ ಬ್ಯಾಂಕ್ ಖಾತೆಗೆ ಪಡೆಯಬಹುದು. ಹಣ `Pending` ಅಡಿಯಲ್ಲಿರುವಾಗ ಕ್ಲೈಂಟಿಗೆ ‘ದಯವಿಟ್ಟು ಬಿಡುಗಡೆ ಮಾಡಿ’ ಎಂದು ಬರೆಯುವುದು, ಕೊಟ್ಟವರನ್ನೇ ಮತ್ತೆ ಕೇಳಿದಂತಾಗುತ್ತದೆ; ಒಳ್ಳೆಯ ಸಂಬಂಧ ಇಂಥ ಒಂದು ಸಂದೇಶದಿಂದ ಅನಗತ್ಯವಾಗಿ ಕಸಿವಿಸಿಗೊಳ್ಳುತ್ತದೆ.

ನಮ್ಮ ಕಲಾವಿದೆ ಪುಟ ತೆರೆದಾಗ 250 ಡಾಲರ್ ಇನ್ನೂ `Work in progress` ಅಡಿಯಲ್ಲೇ ಇತ್ತು. ಜೂನ್ 3ರಂದು ಅವರು ಚಿತ್ರಗಳನ್ನು ಸಂದೇಶದ ಕಿಟಕಿಯಲ್ಲಿ ಲಗತ್ತಿಸಿ ಕಳುಹಿಸಿದ್ದರೇ ಹೊರತು, ಒಪ್ಪಂದದ ಪುಟದಲ್ಲಿರುವ `Submit Work` ಬಟನ್ ಮೂಲಕ ಒಪ್ಪಿಸಿರಲಿಲ್ಲ. ಹೊಸಬರು ಮಾತ್ರವಲ್ಲ, ಅನುಭವಿಗಳೂ ಎಡವುವ ಜಾಗ ಇದು. ಸಂದೇಶದಲ್ಲಿ ಕಳುಹಿಸಿದ ಕಡತವನ್ನು ಕ್ಲೈಂಟ್ ನೋಡುತ್ತಾರೆ, ಮೆಚ್ಚುತ್ತಾರೆ. ಆದರೆ ವೇದಿಕೆಯ ಲೆಕ್ಕದಲ್ಲಿ ಕೆಲಸ ಒಪ್ಪಿಸಿದಂತಾಗಿಲ್ಲ, ಹಾಗಾಗಿ ಗಡುವಿನ ಎಣಿಕೆಯೂ ಶುರುವಾಗಿಲ್ಲ.

ಈ ಗಡುವು ಮುಖ್ಯವಾದದ್ದು. ಬಟನ್ ಮೂಲಕ ಕೆಲಸ ಒಪ್ಪಿಸಿದ ದಿನದಿಂದ ಕ್ಲೈಂಟಿಗೆ 14 ದಿನಗಳ ಕಾಲಾವಕಾಶವಿದೆ. ಅಷ್ಟರೊಳಗೆ ಅವರು ಒಪ್ಪಬೇಕು ಅಥವಾ ಬದಲಾವಣೆ ಕೇಳಬೇಕು. ಎರಡನ್ನೂ ಮಾಡದಿದ್ದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. ಕಲಾವಿದೆ ಜೂನ್ 3ರಂದೇ ಬಟನ್ ಒತ್ತಿದ್ದರೆ, ಕ್ಲೈಂಟ್ ಪೂರ್ತಿ ಮರೆತಿದ್ದರೂ ಜೂನ್ 17ರ ಹೊತ್ತಿಗೆ ಹಣ ಎಸ್ಕ್ರೋದಿಂದ ಹೊರಬರುತ್ತಿತ್ತು. ತಪ್ಪು ಗೊತ್ತಾದ ಮೇಲೆ ಜೂನ್ 16ರಂದು ಒತ್ತಿದ್ದರಿಂದ ಆ ದಿನ ಜೂನ್ 30ಕ್ಕೆ ಹೋಯಿತು. ಒಪ್ಪಿಸುವಾಗ ಚಿತ್ರಗಳನ್ನು ಇನ್ನೊಮ್ಮೆ ಲಗತ್ತಿಸಬೇಕು, ಏಕೆಂದರೆ ಮುಂದೆ ತಕರಾರು ಬಂದರೆ ಏನನ್ನು ಯಾವ ದಿನ ಒಪ್ಪಿಸಲಾಯಿತು ಎಂಬುದಕ್ಕೆ ಆ ದಾಖಲೆಯೇ ಆಧಾರವಾಗುತ್ತದೆ.

ಸಂದೇಶ ಹೀಗಿರಲಿ

ಬಟನ್ ಒತ್ತಿದ ಮೇಲೆ ಕ್ಲೈಂಟಿಗೆ ಒಂದು ಸಂದೇಶ ಬೇಕು. 14 ದಿನ ಕಾದರೆ ಹಣ ಹೇಗೂ ಬರುತ್ತದಲ್ಲ ಎಂದು ಸುಮ್ಮನಿರಬಹುದು. ಆದರೆ ಈಗಾಗಲೇ ಮೆಚ್ಚಿರುವ ಕ್ಲೈಂಟಿಗೆ ಬಟನ್ ಎಲ್ಲಿದೆ ಎಂದು ತೋರಿಸಿಕೊಟ್ಟರೆ ಅವರು ಅಂದೇ ಒತ್ತುವ ಸಾಧ್ಯತೆ ಹೆಚ್ಚು. ಕಲಾವಿದೆ ಬರೆಯಬಹುದಾದ ಸಂದೇಶ ಹೀಗಿದೆ:

‘ನಮಸ್ಕಾರ ಮೇಡಂ. ಅಕ್ಷರ ಕಾರ್ಡುಗಳ ಎರಡನೆಯ ಮೈಲ್‌ಸ್ಟೋನ್, ಅಂದರೆ ಬಣ್ಣ ತುಂಬಿದ 24 ಚಿತ್ರಗಳು, ಅಂತಿಮ ಎಂದು ತಾವು ಜೂನ್ 5ರ ಸಂದೇಶದಲ್ಲಿ ತಿಳಿಸಿದ್ದಿರಿ, ಧನ್ಯವಾದಗಳು. ಆಗ ನಾನು ಕಡತಗಳನ್ನು ಸಂದೇಶದಲ್ಲಷ್ಟೇ ಕಳುಹಿಸಿದ್ದೆ. ಅದೇ 24 ಚಿತ್ರಗಳನ್ನು ಇಂದು ಒಪ್ಪಂದದ ಪುಟದ ಮೂಲಕ ವಿಧಿವತ್ತಾಗಿ ಒಪ್ಪಿಸಿದ್ದೇನೆ, ಅವುಗಳಲ್ಲಿ ಏನೂ ಬದಲಾಗಿಲ್ಲ. ತಾವು ಆ ಪುಟದಲ್ಲಿ ಎರಡನೆಯ ಮೈಲ್‌ಸ್ಟೋನನ್ನು ತೆರೆದು ಒಪ್ಪಿಗೆಯ ಬಟನ್ ಒತ್ತಿದರೆ, ಎಸ್ಕ್ರೋದಲ್ಲಿರುವ 250 ಡಾಲರ್ ಬಿಡುಗಡೆಯಾಗುತ್ತದೆ. ಸಾಧ್ಯವಾದರೆ ಈ ಶುಕ್ರವಾರದೊಳಗೆ ಮಾಡಿಕೊಡಬೇಕೆಂದು ವಿನಂತಿ. ಯಾವುದಾದರೂ ಚಿತ್ರದ ಬಗ್ಗೆ ಸಂದೇಹವಿದ್ದರೆ ಅದರ ಸಂಖ್ಯೆ ತಿಳಿಸಿ, ನೋಡಿ ಉತ್ತರಿಸುತ್ತೇನೆ.’

ಇದರಲ್ಲಿ ಅತ್ಯಂತ ಬೆಲೆಯುಳ್ಳದ್ದು ‘ಜೂನ್ 5ರ ಸಂದೇಶದಲ್ಲಿ’ ಎಂಬ ಉಲ್ಲೇಖ. ಒಪ್ಪಿಗೆ ಕೊಟ್ಟವರಿಗೆ ಅದು ನೆನಪಿಗೆ ಬರುತ್ತದೆ, ಚಿತ್ರಗಳನ್ನು ಮೊದಲಿನಿಂದ ಮತ್ತೆ ಪರಿಶೀಲಿಸಬೇಕೇನೋ ಎಂಬ ಆತಂಕ ತಪ್ಪುತ್ತದೆ, ಮುಂದೆ ವೇದಿಕೆಯವರು ಮಧ್ಯೆ ಬರಬೇಕಾದರೂ ಒಪ್ಪಿಗೆಯ ದಿನಾಂಕ ಬರವಣಿಗೆಯಲ್ಲಿ ಸಿಗುತ್ತದೆ. ‘ಏನೂ ಬದಲಾಗಿಲ್ಲ’ ಎಂಬ ಮಾತೂ ಅದೇ ಉದ್ದೇಶದ್ದು. ಕಡತ ಇನ್ನೊಮ್ಮೆ ಬಂದಾಗ ಕ್ಲೈಂಟಿಗೆ ಸಹಜವಾಗಿ ಏಳುವ ಪ್ರಶ್ನೆ, ಇದು ಹೊಸ ಆವೃತ್ತಿಯೇ ಎಂಬುದು. ಉತ್ತರ ಸಂದೇಶದಲ್ಲೇ ಇರದಿದ್ದರೆ ಅವರು ‘ಬಿಡುವಾದಾಗ ನೋಡೋಣ’ ಎಂದು ಬದಿಗಿಡುತ್ತಾರೆ.

ಮೈಲ್‌ಸ್ಟೋನಿನ ಹೆಸರನ್ನೂ ಮೊತ್ತವನ್ನೂ ಒಪ್ಪಂದದಲ್ಲಿ ಇರುವ ಹಾಗೆಯೇ ಬರೆಯಬೇಕು. ‘ಬಾಕಿ ಹಣ’ ಎಂದರೆ ಕ್ಲೈಂಟಿಗೆ ಮೂರನೆಯ ಮೈಲ್‌ಸ್ಟೋನಿನ 100 ಡಾಲರನ್ನೂ ಸೇರಿಸಿ ಕೇಳುತ್ತಿದ್ದಾರೆ ಎಂದು ತೋರಬಹುದು. ಹಾಗೆಯೇ ಕೇಳುವ ಕೆಲಸ ಒಂದೇ ಇರಲಿ. ಮೂರನೆಯ ಮೈಲ್‌ಸ್ಟೋನಿನ ಕಾಗದದ ಅಳತೆ, ಹೊಸ ಕೆಲಸದ ಪ್ರಸ್ತಾಪ, ವಿಮರ್ಶೆ ಬರೆಯುವ ಕೋರಿಕೆ ಇವೆಲ್ಲ ಇದೇ ಸಂದೇಶದಲ್ಲಿ ಸೇರಿದರೆ, ಕ್ಲೈಂಟ್ ಸುಲಭವಾದದ್ದಕ್ಕೆ ಉತ್ತರಿಸಿ ಬಟನ್ ಮರೆಯುತ್ತಾರೆ.

ಮನೆಯ ಕಷ್ಟ, ಬಾಡಿಗೆಯ ದಿನಾಂಕ ಮುಂತಾದವನ್ನು ಬರೆಯುವ ಅಗತ್ಯವಿಲ್ಲ. ಒಪ್ಪಿಕೊಂಡ ಕೆಲಸಕ್ಕೆ ಮೊದಲೇ ತೆಗೆದಿಟ್ಟ ಹಣವನ್ನು ಕೇಳುತ್ತಿದ್ದೀರಿ. ಅದಕ್ಕೆ ಬೇರೆ ಸಮರ್ಥನೆ ಬೇಡ. ನಮ್ಮಲ್ಲಿ ಹಣದ ಮಾತಿಗೆ ಸಂಕೋಚ ಹೆಚ್ಚು, ಹಾಗಾಗಿ ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಎಂದು ಶುರುಮಾಡುವವರಿದ್ದಾರೆ. ಆ ಕ್ಷಮೆ ಯಾವ ತಪ್ಪಿಗೆ ಎಂಬುದು ಕ್ಲೈಂಟಿಗೂ ತಿಳಿಯುವುದಿಲ್ಲ, ವಿನಂತಿಯ ತೂಕವೂ ಇಳಿಯುತ್ತದೆ. ‘ಬಿಡುಗಡೆ ಮಾಡದಿದ್ದರೆ ಕೆಟ್ಟ ವಿಮರ್ಶೆ ಬರೆಯಬೇಕಾಗುತ್ತದೆ’ ಎಂಬ ಸೂಚನೆಯನ್ನಂತೂ ಯಾವ ರೂಪದಲ್ಲೂ ಕೊಡಬಾರದು. ಅಭಿಪ್ರಾಯವನ್ನು ಒತ್ತಡದ ಸಾಧನವಾಗಿ ಬಳಸುವುದು ವೇದಿಕೆಯ ನಿಯಮಕ್ಕೆ ವಿರುದ್ಧ; ನ್ಯಾಯವಾದ ಹಣ ಕೇಳಲು ಹೋಗಿ ನಿಮ್ಮ ಖಾತೆಯೇ ತೊಂದರೆಗೆ ಸಿಲುಕುತ್ತದೆ.

ಕಳುಹಿಸುವ ಹೊತ್ತನ್ನೂ ಯೋಚಿಸಿ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಶಿರಸಿಯಲ್ಲಿ ಬೆಳಿಗ್ಗೆ 7 ಗಂಟೆಗೆ ಕಳುಹಿಸಿದ್ದು ಅಲ್ಲಿ 9.30ಕ್ಕೆ, ಕಂಪ್ಯೂಟರ್ ಮುಂದೆ ಕೂರುವ ವೇಳೆಗೆ, ತಲುಪುತ್ತದೆ. ರಾತ್ರಿ 10ಕ್ಕೆ ಕಳುಹಿಸಿದ್ದನ್ನು ಅವರು ಮಧ್ಯರಾತ್ರಿಯ ಮೇಲೆ ಮೊಬೈಲಿನಲ್ಲಿ ಕಂಡು ಹಾಗೆಯೇ ಬಿಡಬಹುದು.

ಉತ್ತರ ಬರದಿದ್ದರೆ

ಮೂರು ಕೆಲಸದ ದಿನ ಕಾದು, ಎರಡೇ ವಾಕ್ಯದ ಇನ್ನೊಂದು ಸಂದೇಶ ಕಳುಹಿಸಬಹುದು: ‘ಮೇಡಂ, ಎರಡನೆಯ ಮೈಲ್‌ಸ್ಟೋನಿನ 250 ಡಾಲರ್ ಇನ್ನೂ ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಿದೆ. ಬಟನ್ ಕಾಣದಿದ್ದರೆ ತಿಳಿಸಿ, ಪರದೆಯ ಚಿತ್ರ ಕಳುಹಿಸುತ್ತೇನೆ.’ ಆಮೇಲೆ ದಿನವೂ ಕೇಳುವುದು ಬೇಡ, 14 ದಿನಗಳ ಎಣಿಕೆ ತನ್ನ ಕೆಲಸ ಮಾಡುತ್ತದೆ. ಆದರೆ ಈ ಎಣಿಕೆ ಎಲ್ಲ ವೇದಿಕೆಗಳಲ್ಲೂ ಇದೇ ರೀತಿ ಇರುತ್ತದೆ ಎಂದುಕೊಳ್ಳಬಾರದು. ಬೇರೆಡೆ ಕೆಲಸ ಮಾಡುವವರು ಅಲ್ಲಿನ ನಿಯಮವನ್ನು ಒಪ್ಪಂದಕ್ಕೆ ಮೊದಲೇ ಓದಿಕೊಳ್ಳಬೇಕು.

ಕ್ಲೈಂಟ್ ಆ ಅವಧಿಯಲ್ಲಿ ಬದಲಾವಣೆ ಕೋರಿದರೆ ಎಣಿಕೆ ನಿಲ್ಲುತ್ತದೆ. ತಿದ್ದಿ ಮತ್ತೆ ಅದೇ ಬಟನ್ ಮೂಲಕ ಒಪ್ಪಿಸಿದ ದಿನದಿಂದ ಹೊಸ 14 ದಿನ ಶುರುವಾಗುತ್ತದೆ. ಎರಡನೆಯ ಸಲವೂ ತಿದ್ದಿದ ಚಿತ್ರವನ್ನು ಸಂದೇಶದಲ್ಲಿ ಕಳುಹಿಸಿ ಕಾಯುತ್ತ ಕೂತವರನ್ನು ನೋಡಿದಾಗ ಬೇಸರವಾಗುತ್ತದೆ, ಏಕೆಂದರೆ ಅವರ ಪಾಲಿಗೆ ಗಡಿಯಾರವೇ ನಿಂತಿರುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು, ಒಪ್ಪಂದವನ್ನು ಕೊನೆಗೊಳಿಸಿ ಎಸ್ಕ್ರೋ ಹಣ ವಾಪಸು ಬೇಕೆಂದು ಕ್ಲೈಂಟ್ ಮನವಿ ಸಲ್ಲಿಸುವುದು. ಅದಕ್ಕೆ ನೀವು 7 ದಿನಗಳೊಳಗೆ ಉತ್ತರಿಸದಿದ್ದರೆ ಹಣ ಅವರಿಗೆ ಮರಳುತ್ತದೆ. ಊರಿನ ಜಾತ್ರೆಯೋ ಮದುವೆಯೋ ಎಂದು ಒಂದು ವಾರ ಇಮೇಲ್ ನೋಡದಿದ್ದರೂ ಸಾಕು, ಹಣ ಕೈತಪ್ಪುತ್ತದೆ. ಕೆಲಸ ಒಪ್ಪಿಸಿದ್ದೀರಿ, ಒಪ್ಪಿಗೆಯ ಸಂದೇಶವೂ ಇದೆ ಎಂದಾದರೆ ಆ ಮನವಿಯನ್ನು ನಿರಾಕರಿಸಿ, ತಕರಾರು ಪರಿಹಾರಕ್ಕೆ ವೇದಿಕೆಯನ್ನು ಕೋರಬೇಕು. ಜೂನ್ 5ರ ಸಂದೇಶ ಆಗ ಕೆಲಸಕ್ಕೆ ಬರುತ್ತದೆ. ‘ಎಸ್ಕ್ರೋ ಬೇಡ, ನೇರವಾಗಿ ಖಾತೆಗೆ ಹಾಕುತ್ತೇನೆ’ ಎಂಬ ಮಾತಿಗೂ ಒಪ್ಪಬಾರದು. ಅದು ನಿಯಮಕ್ಕೆ ವಿರುದ್ಧ, ಹಣ ಬಾರದಿದ್ದರೆ ಕೇಳುವವರೂ ಇರುವುದಿಲ್ಲ.

ಉದಾಹರಣೆಗೆ ಮರಳಿದರೆ, ಕ್ಲೈಂಟ್ ಜೂನ್ 17ರಂದು ಬಟನ್ ಒತ್ತಿದರು ಎನ್ನೋಣ. ಅಂದೇ 250 ಡಾಲರ್ `Pending` ಅಡಿಗೆ ಸರಿಯುತ್ತದೆ, 5 ದಿನ ಕಳೆದು ಜೂನ್ 22ರ ಸುಮಾರಿಗೆ ವೇದಿಕೆಯ ಶುಲ್ಕ ಕಳೆದ ಮೊತ್ತ `Available` ಎಂದು ಕಾಣುತ್ತದೆ. ಕಲಾವಿದೆ ಆಗ ಮೂರನೆಯ ಮೈಲ್‌ಸ್ಟೋನಿನತ್ತ ನೋಡಬೇಕು. ಅದರ ಎದುರು `Funded` ಎಂದು ಇರದಿದ್ದರೆ ಆ 100 ಡಾಲರನ್ನು ಕ್ಲೈಂಟ್ ಇನ್ನೂ ಎಸ್ಕ್ರೋಗೆ ಹಾಕಿಲ್ಲ ಎಂದರ್ಥ. ಅದನ್ನು ಹಾಕುವಂತೆ ಬೇರೆಯೇ ಸಂದೇಶದಲ್ಲಿ ಕೇಳಿ, ಆ ಪದ ಪರದೆಯ ಮೇಲೆ ಕಂಡ ಮೇಲಷ್ಟೇ ಮುದ್ರಣದ ಕಡತಗಳನ್ನು ಸಿದ್ಧಪಡಿಸಲು ಕೂರಬೇಕು.