ನಿಮ್ಮ ಸರ್ ರಿಟೈರ್ ಆಗ್ಲತ್ತಾರ, ಹಳೇ ವಿದ್ಯಾರ್ಥಿಯಾಗಿ ಐದು ನಿಮಿಷ ಹಿಂಗ ಮಾತಾಡ್ರಿ

ನಿಮಗ ಕಲಿಸಿದ ಸರ್ ಅಥವಾ ಅಕ್ಕೋರು ರಿಟೈರ್ ಆಗ್ಲತ್ತಾರ, ಊರಾಗಿನ ದೋಸ್ತರು ಕೂಡಿ ಹಳೇ ವಿದ್ಯಾರ್ಥಿಗಳ ಪರವಾಗಿ ನಿಮ್ಮ ಹೆಸರು ಬರ್ಸ್ಯಾರ. ಪೆನ್ ಹಿಡಿಯೋಕಿಂತ ಮುಂಚೆ ಕಾರ್ಯಕ್ರಮ ನಡೆಸೋರಿಗೆ ಒಂದು ಫೋನ್ ಹಚ್ರಿ. ಮೊದಲು ತಾರೀಖು ಖಾತ್ರಿ ಮಾಡ್ಕೋರಿ. ಸರ್ಕಾರಿ ಶಿಕ್ಷಕರು 60 ವರ್ಷ ತುಂಬಿದ ತಿಂಗಳಿನ ಕಡೀ ದಿನ ನಿವೃತ್ತಿ ಆಗ್ತಾರ, ಆದ್ರ ಹುಟ್ಟಿದ ದಿನ ತಿಂಗಳಿನ ಒಂದನೇ ತಾರೀಖು ಇದ್ರ ಹಿಂದಿನ ತಿಂಗಳಿನ ಕಡೀ ದಿನಕ್ಕೇ ಸೇವೆ ಮುಗೀತದ. ಹಳೇ ಕಾಲದಾಗ ಸಾಲಿಗೆ ಹೆಸರು ಹಚ್ಚುವಾಗ ಜೂನ್ 1 ಅಂತ ಬರೆಸಿದವರು ಭಾಳ ಮಂದಿ, ಅದಕ್ಕೇ ಮೇ 31ಕ್ಕ ನಮ್ಮ ಕಡೆ ಇಷ್ಟು ಬೀಳ್ಕೊಡುಗೆ ಇರ್ತಾವ. ಅವಾಗ ರಜಾ ಮುಗಿದು ಸಾಲಿ ಈಗಷ್ಟೇ ಸುರು ಆಗಿರ್ತದ, ಹುಡುಗ್ರು ಪೂರಾ ಬಂದಿರಲ್ಲ, ಹಂಗಾಗಿ ಕಾರ್ಯಕ್ರಮ ಜೂನ್‌ನಾಗ ಇಟ್ಕೊಳ್ಳೋದೂ ಉಂಟು.

ಆಮೇಲೆ ನಿಮ್ಮ ಪಾಳಿ ಎಷ್ಟನೇದು ಅಂತ ಕೇಳ್ರಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಇಷ್ಟೆಲ್ಲ ಆದ ಮ್ಯಾಲ ‘ಅನಿಸಿಕೆ’ ಅಂತ ಬರ್ತದ, ನೀವು ಅಲ್ಲಿ. ಅಷ್ಟೊತ್ತಿಗೆ ಮಧ್ಯಾಹ್ನ ಆಗಿರ್ತದ, ಕಲಬುರಗಿ ಬಿಸಿಲು, ಪತ್ರಾಸಿನ ಶೆಡ್ಡು ಅಥವಾ ಶಾಮಿಯಾನ, ಅದರ ಕೆಳಗ ಕೂತ ಮಂದಿ ಬೆವರು ಒರೆಸ್ಕೋತ ಊಟದ ಕಡೆ ನೋಡ್ಲತ್ತಿರ್ತಾರ. ಅದಕ್ಕ ಐದು ನಿಮಿಷ ಸಾಕು. ಸಮಾಧಾನದಿಂದ ಮಾತಾಡಿದ್ರ ಐದು ನಿಮಿಷಕ್ಕ 400–450 ಪದ ಹಿಡೀತಾವ, ಅದಕ್ಕಿಂತ ಜಾಸ್ತಿ ಬರೀಬ್ಯಾಡ್ರಿ.

ಇನ್ನ ಭಾಷಣದಾಗ ಏನು ಹೇಳಬೇಕು ಅನ್ನೋದು. ಸರ್ ಎಲ್ಲಿ ಹುಟ್ಟಿದ್ರು, ಯಾವ ಯಾವ ಸಾಲಿಯಾಗ ಎಷ್ಟು ವರ್ಷ ಇದ್ರು ಅನ್ನೋದು ನಿಮ್ಮ ಕೆಲಸ ಅಲ್ಲ, ಅದನ್ನ ಪ್ರಾಸ್ತಾವಿಕ ಮಾತಾಡೋರು ಇಲ್ಲಾ ಮುಖ್ಯ ಗುರುಗಳು ಹೇಳೇ ಹೇಳ್ತಾರ. ಸಹೋದ್ಯೋಗಿಗಳಿಗೆ ಸ್ಟಾಫ್ ರೂಮಿನ ಸರ್ ಗೊತ್ತು, ಮನಿಯವರಿಗೆ ಮನಿಯಾಗಿನ ಸರ್ ಗೊತ್ತು. ಬೆಂಚಿನ ಮ್ಯಾಲ ಕೂತು ಅವರನ್ನ ನೋಡಿದವರು ಆ ವೇದಿಕೆ ಮ್ಯಾಲ ನೀವೊಬ್ಬರೇ. ಹಂಗಾಗಿ ಕ್ಲಾಸಿನಾಗ ನಡೆದ ಒಂದೇ ಒಂದು ಘಟನೆ ತಗೊಂಡು ಅದನ್ನ ಪೂರಾ ಹೇಳ್ರಿ. ಐದು ಘಟನೆ ಹೇಳಿದ್ರ ಒಂದೂ ಉಳಿಯಲ್ಲ.

ಆ ಘಟನೆ ಸಿಗೋದು ಹೆಂಗ? ನಿಮ್ಮ ಬ್ಯಾಚಿನ ನಾಲ್ಕು ಮಂದಿಗೆ ಫೋನ್ ಮಾಡ್ರಿ, ಆದ್ರ ‘ಸರ್ ಹೆಂಗಿದ್ರು’ ಅಂತ ಕೇಳಬ್ಯಾಡ್ರಿ, ಕೇಳಿದ್ರ ‘ಭಾಳ ಛಲೋ ಇದ್ರು’ ಅಂತಾರ, ಮಾತು ಅಲ್ಲಿಗೇ ಮುಗೀತು. ‘ಸರ್ ನಿನಗ ಹೇಳಿದ ಯಾವ ಮಾತು ಇನ್ನೂ ನೆನಪದ, ಅವಾಗ ನೀನು ಎಲ್ಲಿ ನಿಂತಿದ್ದಿ’ ಅಂತ ಕೇಳ್ರಿ. ಜಾಗ ನೆನಪಾದ್ರ ಅದರ ಹಿಂದ ಉಳಿದದ್ದೂ ಬರ್ತದ.

ಒಂದು ಉದಾಹರಣೆ ನೋಡ್ರಿ. ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ, ಸರ್ಕಾರಿ ಪ್ರೌಢಶಾಲೆ, ವಿಜ್ಞಾನ ಕಲಿಸೋ ಸರ್. ಮಾತಾಡೋಕಿ ಈಗ ಕಲಬುರಗಿಯಾಗ ನರ್ಸ್ ಇದ್ದಾಳಂತ ತಿಳ್ಕೋರಿ. ಮೊದಲ ಸಲ ಆಕಿ ಬರೆದದ್ದು ಹಿಂಗಿತ್ತು: ‘ಪೂಜ್ಯ ಗುರುಗಳು ಶಿಸ್ತಿನ ಸಿಪಾಯಿ, ಜ್ಞಾನದ ಭಂಡಾರ, ನಮ್ಮಂಥ ಬಡ ಮಕ್ಕಳಲ್ಲಿ ಧೈರ್ಯ ತುಂಬಿ ಬೆಳೆಸಿದರು.’ ಇದರಾಗ ಸುಳ್ಳು ಏನಿಲ್ಲ, ಆದ್ರ ಸರ್ ಹೆಸರು ತೆಗೆದು ಯಾರ ಹೆಸರು ಹಾಕಿದ್ರೂ ನಡೀತದ, ಅದೇ ತೊಂದರೆ. ‘ಧೈರ್ಯ ತುಂಬಿದರು’ ಅನ್ನೋ ಒಂದು ಮಾತು ಹಿಡ್ಕೊಂಡು ಎಂದು, ಎಲ್ಲಿ, ಏನು ಅಂದ್ರು ಅಂತ ತನ್ನನ್ನೇ ಕೇಳ್ಕೋತ ಹೋದಾಗ ಇದು ಬಂತು:

‘ಹತ್ತನೇ ಕ್ಲಾಸ್ ಇದ್ದಾಗ ತೊಗರಿ ರಾಶಿ ಟೈಮ್‌ನಾಗ ನಾವು ಹಗಲೆಲ್ಲ ಹೊಲದಾಗ ಇರ್ತಿದ್ವಿ. ಸರ್ ನಮ್ಮನ್ನ ಬೈಲಿಲ್ಲ, ಸಂಜಿ ಏಳಕ್ಕ ಹಣಮಂದೇವರ ಗುಡಿ ಕಟ್ಟಿ ಮ್ಯಾಲ ಕ್ಲಾಸ್ ಸುರು ಮಾಡಿದ್ರು. ಒಂದಿನ ಕರೆಂಟ್ ಹೋಯ್ತು. ಸರ್ ಎದ್ದು ಹೋಗ್ಲಿಲ್ಲ, ಕತ್ತಲದಾಗೇ ಪ್ರಶ್ನೆ ಕೇಳ್ಲತ್ತಿದ್ರು. ಓಮ್‌ನ ನಿಯಮ ಯಾರು ಹೇಳ್ತೀರಿ ಅಂದ್ರು. ವರ್ಷಪೂರ್ತಿ ಬಾಯಿ ಬಿಡದ ನಾನು, ಮುಖ ಯಾರಿಗೂ ಕಾಣಲ್ಲ ಅನ್ನೋ ಧೈರ್ಯದ ಮ್ಯಾಲ ಹೇಳಿಬಿಟ್ಟೆ. ಸರ್ ಏನೂ ಅನ್ಲಿಲ್ಲ. ಮರುದಿನ ಕ್ಲಾಸಿಗೆ ಬಂದವರೇ, ನಿನ್ನಿ ಕತ್ತಲದಾಗ ಉತ್ತರ ಕೊಟ್ಟ ದನಿ ಇವತ್ತು ಬೆಳಕಿನಾಗ ಒಮ್ಮೆ ಕೇಳಬೇಕವ್ವ ಅಂದ್ರು. ನನ್ನ ಕಡೆ ನೋಡ್ಲಿಲ್ಲ. ನಾನು ಎದ್ದು ನಿಂತೆ.’

ಇಲ್ಲಿ ಧೈರ್ಯ ಅನ್ನೋ ಮಾತಿಗೆ ಕೆಲಸ ಸಿಕ್ಕದ. ಸರ್ ಹುಡುಗಿ ಕಡೆ ನೋಡ್ಲಿಲ್ಲ ಅನ್ನೋದೇ ಇದರಾಗಿನ ಜೀವ, ಯಾಕಂದ್ರ ನೋಡಿದ್ರ ಆಕಿ ಏಳ್ತಿರ್ಲಿಲ್ಲ, ಅದು ಸರ್‌ಗೆ ಗೊತ್ತಿತ್ತು. ಆದ್ರ ಇದನ್ನ ವಿವರಿಸಿ ಹೇಳಬ್ಯಾಡ್ರಿ, ‘ಇದರಿಂದ ನಮಗೆ ತಿಳಿಯುವುದೇನೆಂದರೆ’ ಅಂತ ಸುರು ಮಾಡಿದ್ರ ಕೂತವರ ಮನಸ್ಸು ಅಲ್ಲೇ ಇಳೀತದ. ಘಟನೆ ಮುಗಿದ ಕೂಡ್ಲೇ ಈಗ ನೀವು ಏನು ಮಾಡ್ತೀರಿ, ಸರ್ ಕಲಿಸಿದ್ದು ಅದರಾಗ ಎಲ್ಲಿ ಬರ್ತದ ಅಂತ ಎರಡು ಮಾತು ಹೇಳ್ರಿ. ಆ ನರ್ಸ್ ಹೇಳಿದ್ದು, ‘ವಾರ್ಡಿನಾಗ ಹೆದರಿಕೊಂಡ ಹೆಣ್ಮಕ್ಕಳು ಬಂದಾಗ ನಾನು ಅವರ ಮುಖ ನೋಡದೆ, ಬಿಪಿ ಪಟ್ಟಿ ಕಟ್ಟಿಕೋತ ಪ್ರಶ್ನೆ ಕೇಳ್ತೀನಿ ಸರ್, ಅವಾಗ ಹೇಳ್ತಾರ.’ ಅಷ್ಟೇ.

ಭಾಷೆ ಮನಿಯಾಗ ಆಡೋದೇ ಇರ್ಲಿ. ವೇದಿಕೆ ಅಂದ ಕೂಡ್ಲೇ ‘ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಪುಸ್ತಕದ ಕನ್ನಡಕ್ಕ ಹೋದ್ರ ನಡಕ ಸಿಕ್ಕೊಂಡು ಒದ್ದಾಡಬೇಕಾಗ್ತದ, ಮತ್ತ ಸರ್‌ಗೆ ನೀವು ಬೇರೆ ಯಾರೋ ಅನಿಸ್ತೀರಿ. ಸಂಬೋಧನೆ ಒಂದೇ ಸಾಲಿನಾಗ ಮುಗಿಸ್ರಿ. ಬಿಇಒ ಸಾಹೇಬರು, ಸಿಆರ್‌ಪಿ, ಎಸ್‌ಡಿಎಂಸಿ ಅಧ್ಯಕ್ಷರು ಹಿಂಗ ಒಬ್ಬೊಬ್ಬರ ಹೆಸರು ಸ್ವಾಗತ ಮಾಡೋರು ಆಗ್ಲೇ ಹೇಳಿರ್ತಾರ, ನೀವು ‘ವೇದಿಕೆ ಮ್ಯಾಲಿನ ಎಲ್ಲ ಹಿರಿಯರಿಗೆ ನಮಸ್ಕಾರ’ ಅಂದು ಸರ್ ಕಡೆ ತಿರುಗ್ರಿ. ಸರ್ ಜೋಡಿ ಕೂತ ಅವರ ಮನಿಯವರನ್ನ ಮಾತ್ರ ಬಿಡಬ್ಯಾಡ್ರಿ, ಸಂಜಿ ಏಳಕ್ಕ ಕ್ಲಾಸ್ ತಗೊಂಡ ಸರ್‌ಗಾಗಿ ಮನಿಯಾಗ ಊಟಕ್ಕ ಕಾದವರು ಅವರು.

ಒಂದು ವಿಷಯದಾಗ ಭಾಳ ಹುಷಾರ್ ಇರ್ರಿ. ಸರ್ ಯಾರಿಗೋ ಪರೀಕ್ಷಾ ಫೀಸ್ ಕಟ್ಟಿದ್ರು, ಯಾರದೋ ಮದುವಿ ನಿಲ್ಲಿಸಿ ಸಾಲಿಗೆ ಕರ್ಕೊಂಡು ಬಂದ್ರು ಅಂಥ ಕತಿ ಸಿಕ್ರ ಅದು ಯಾರ ಕತಿಯೋ ಅವರನ್ನ ಕೇಳದೆ ಮೈಕಿನಾಗ ಹೇಳಬಾರ್ದು. ಆ ಮನಿಯವರು ಅದೇ ಶಾಮಿಯಾನದ ಕೆಳಗ ಕೂತಿರ್ತಾರ. ನಿಮ್ಮದೇ ಕತಿ ಇದ್ರೂ ಅಪ್ಪ ಅವ್ವನಿಗೆ ಒಂದು ಮಾತು ಹೇಳ್ರಿ. ಹಂಗೇ ಸರ್ ಹೊಡೆದದ್ದು, ಹುಡುಗ್ರು ಇಟ್ಟ ಅಡ್ಡ ಹೆಸರು, ‘ಈಗಿನ ಮಾಸ್ತರ್ರು ಇವರಂಗ ಇಲ್ಲ’ ಅನ್ನೋ ಹೋಲಿಕೆ, ಇವು ಮೂರೂ ಬ್ಯಾಡ. ಈಗಿನವರೂ ಮುಂದೇ ಕೂತಿರ್ತಾರ, ಅವರೇ ಶಾಲು ಹಾರ ತಂದವರು.

ಬರೆದದ್ದನ್ನ ಗಟ್ಟಿಯಾಗಿ ಓದ್ರಿ, ಮೊಬೈಲಿನಾಗ ಟೈಮ್ ಹಚ್ಚಿ. ಎಲ್ಲಿ ಉಸಿರು ಹತ್ತತದೋ ಆ ವಾಕ್ಯ ಮುರೀರಿ. ಎಲ್ಲಿ ಗಂಟಲು ಬಿಗೀತದ ಅನ್ನೋದೂ ಅವಾಗೇ ಗೊತ್ತಾಗ್ತದ, ಆ ಜಾಗದಾಗ ಗೀಟು ಹಾಕಿ ಅಲ್ಲಿ ನಿಂತು ನೀರು ಕುಡೀರಿ, ಮಂದಿ ಕಾಯ್ತಾರ. ಇನ್ನೊಂದು, ಅತಿಥಿಗಳು ತಡ ಮಾಡಿ ಬಂದ್ರ ನಿರೂಪಕರು ಚೀಟಿ ಕಳಿಸ್ತಾರ, ‘ಎರಡೇ ನಿಮಿಷ’ ಅಂತ. ಅವಾಗ ಐದು ನಿಮಿಷದ್ದನ್ನ ಜೋರಾಗಿ ಓಡಿಸಬ್ಯಾಡ್ರಿ. ನಮಸ್ಕಾರ, ಆ ಘಟನೆ, ಕಡೀ ಎರಡು ಮಾತು, ಇಷ್ಟೇ ಉಳಿಸಿ ಬಾಕಿ ಬಿಡ್ರಿ. ಯಾವುದು ಬಿಡಬೇಕು ಅಂತ ಮೊದಲೇ ಪೆನ್ಸಿಲ್‌ನಿಂದ ಕಂಸ ಹಾಕಿಟ್ಕೊಂಡಿರ್ರಿ.

ಭಾಷಣದ ಒಂದು ಪ್ರತಿ ಛಲೋ ಅಕ್ಷರದಾಗ ಬರೆದು, ಕೆಳಗ ನಿಮ್ಮ ಹೆಸರು, ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಫೋನ್ ನಂಬರ್ ಹಾಕಿ ತಗೊಂಡು ಹೋಗ್ರಿ. ಸನ್ಮಾನದ ಗದ್ದಲದಾಗ ಮಾತು ಸರ್ ಕಿವಿಗೆ ಅರ್ಧ ಬಿದ್ದಿರ್ತದ. ಹಾರ ಶಾಲಿನ ಚೀಲದಾಗ ಹಾಕಿದ್ರ ಎಲ್ಲೋ ಹೋಗ್ತದ, ಅದಕ್ಕ ಫೋಟೋ ಎಲ್ಲ ಮುಗಿದ ಮ್ಯಾಲ ಸರ್ ಮನಿಯವರ ಕೈಯಾಗೇ ಕೊಡ್ರಿ.