ಕರೆ ಕತ್ತರಿಸಿ ಕಳಿಸುವ ನಾಲ್ಕು ಸಾಲು: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ಒಬ್ಬರನ್ನು ನೋಡಲು ನಲವತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ನನ್ನ ಒಂದು ಕೈ ಅವರ ಭುಜದ ಮೇಲೋ ಮಂಡಿಯ ಮೇಲೋ ಇರುತ್ತದೆ. ಫೋನ್ ಬಂದರೆ ಬಿಡುವಿರುವುದು ಒಂದು ಹೆಬ್ಬೆರಳಿಗೆ ಮಾತ್ರ. ಸುಮ್ನೆ ಕಟ್ ಮಾಡಿದರೆ ಕರೆದವರಿಗೆ ಬೇಜಾರು, ಬಿಟ್ಟರೆ ಕೊನೆಯವರೆಗೂ ರಿಂಗಾಗುತ್ತದೆ. ಅದಕ್ಕೇ ಕರೆಯನ್ನು ಮೆಸೇಜ್ ಸಮೇತ ಕಟ್ ಮಾಡುವ ಸೌಲಭ್ಯವನ್ನು ಬಳಸಲು ಶುರು ಮಾಡಿದೆ. ಇದು ಹೊಸದೇನಲ್ಲ. ಆಂಡ್ರಾಯ್ಡ್‌ನಲ್ಲಿ 2011ರಿಂದ, ಐಫೋನ್‌ನಲ್ಲಿ 2012ರಿಂದ ಇದೆ.

ಮೊದಲು ಫೋನಿನಲ್ಲೇ ಇದ್ದ ಸಿದ್ಧ ಸಾಲುಗಳನ್ನೇ ಕಳಿಸುತ್ತಿದ್ದೆ. ಅವೆಲ್ಲ ಇಂಗ್ಲಿಷ್‌ನಲ್ಲಿದ್ದವು. ಒಂದು ಸಾಲು 'ಈಗ ಮಾತಾಡಲಾಗದು, ಏನು ವಿಷಯ?' ಎಂದು ಕೇಳುತ್ತಿತ್ತು. ಅದನ್ನು ಓದಿದವರು ವಿಷಯ ಹೇಳಲು ಮತ್ತೆ ಫೋನ್ ಮಾಡುತ್ತಿದ್ದರು. ಕೇಳಿದ್ದು ನಾನೇ ಅಲ್ವಾ, ಅವರದೇನೂ ತಪ್ಪಿಲ್ಲ. 'ಆಮೇಲೆ ಮಾಡುತ್ತೇನೆ' ಅನ್ನುವ ಸಾಲಿನಲ್ಲಿ ಆಮೇಲೆ ಅಂದರೆ ಯಾವಾಗ ಅಂತ ಇರಲಿಲ್ಲ. ಹತ್ತು ನಿಮಿಷ ಕಾದು ಅವರೇ ಮತ್ತೆ ಮಾಡುತ್ತಿದ್ದರು. ನಮ್ಮ ಅಮ್ಮನಿಗಂತೂ ಇಂಗ್ಲಿಷ್ ಓದಲು ಬರುವುದಿಲ್ಲ. 'ನಿನ್ನ ಫೋನಿಂದ ಏನೋ ಬಂದಿದೆ, ಏನದು?' ಅಂತ ಕೇಳಲು ಅವರೂ ಇನ್ನೊಮ್ಮೆ ಫೋನ್ ಮಾಡುತ್ತಿದ್ದರು.

ಹಾಗಾಗಿ ಸ್ವಂತ ಸಾಲು ಬರೆಯಲು ಕೂತೆ. ಜಾಗ ಹುಡುಕುವುದು ಕಷ್ಟವಲ್ಲ. ಗೂಗಲ್‌ನ ಫೋನ್ ಆ್ಯಪ್ ಇದ್ದರೆ ಅದರ ಮೆನುವಿನಲ್ಲಿ Settings ತೆರೆದು Quick responses ಒತ್ತಬೇಕು. ಅಲ್ಲಿ ನಾಲ್ಕು ಸಾಲಿರುತ್ತವೆ. ಐದನೆಯದನ್ನು ಸೇರಿಸಲು ಆಗುವುದಿಲ್ಲ, ಇರುವುದನ್ನೇ ಮುಟ್ಟಿ ಬದಲಿಸಬೇಕು. ಸ್ಯಾಮ್‌ಸಂಗ್‌ನಲ್ಲಿ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ Quick decline messages ಅಂತ ಇದೆ. ಐಫೋನ್‌ನಲ್ಲಿ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ Respond with Text ಇದೆ, ಅಲ್ಲಿ ಮೂರೇ ಸಾಲು. ಮೊದಲಿನಿಂದ ಇರುವುದು ಮಸುಕಾಗಿ ಕಾಣುತ್ತದೆ. ಅದರ ಮೇಲೆ ನಮ್ಮದನ್ನು ಟೈಪ್ ಮಾಡಿದರೆ ಆಯಿತು. ನಮ್ಮದನ್ನು ಅಳಿಸಿದರೆ ಹಳೆಯದು ವಾಪಸ್ ಬರುತ್ತದೆ.

ಜಾಗ ಸಿಕ್ಕಿತು. ಏನು ಬರೆಯಬೇಕು ಅನ್ನುವುದಕ್ಕೇ ನನಗೆ ಹೆಚ್ಚು ದಿನ ಹಿಡಿಯಿತು. ಮೊದಲ ಸಾಲನ್ನು ತುಂಬಾ ಮರ್ಯಾದೆಯಿಂದ ಬರೆದೆ: 'ಕ್ಷಮಿಸಿ, ಈಗ ಒಬ್ಬರಿಗೆ ಚಿಕಿತ್ಸೆ ಕೊಡುತ್ತಿದ್ದೇನೆ. ಮುಗಿದ ತಕ್ಷಣ ನಾನೇ ನಿಮಗೆ ಫೋನ್ ಮಾಡುತ್ತೇನೆ.'

ಓದಲು ಚೆನ್ನಾಗಿದೆ. ಆದರೆ ಇದು ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದಿಲ್ಲ. ಬರೀ ಇಂಗ್ಲಿಷ್ ಅಕ್ಷರಗಳಿದ್ದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಸಿಗುತ್ತದೆ. ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಸಾಲಿಗೆ ಒಂದೇ ಒಂದು ಇಮೋಜಿ ಸೇರಿಸಿದರೂ ಹೀಗೇ ಆಗುತ್ತದೆ. ಆ 70ರಲ್ಲೂ ಎಣಿಕೆ ನಮ್ಮ ಕಣ್ಣಿಗೆ ಕಾಣುವಂತೆ ಇಲ್ಲ. 'ತ್ತೇ' ನಮಗೆ ಒಂದು ಅಕ್ಷರ. ಫೋನಿಗೆ ಅದು ತ, ಒತ್ತಕ್ಷರ ಮಾಡುವ ಚಿಹ್ನೆ, ಇನ್ನೊಂದು ತ, ಆಮೇಲೆ ಏ ಸ್ವರದ ಚಿಹ್ನೆ, ಹೀಗೆ ನಾಲ್ಕು. ಈ ಲೆಕ್ಕದಲ್ಲಿ ನನ್ನ ಸಾಲು 85 ಆಯಿತು. 70 ದಾಟಿದ್ದರಿಂದ ಎರಡು ತುಂಡಾಗಿ ಹೋಗುತ್ತದೆ, ಎರಡು ಎಸ್ಸೆಮ್ಮೆಸ್ ಅಂತಲೇ ಲೆಕ್ಕ. ಈಗಿನ ಫೋನುಗಳು ತುಂಡುಗಳನ್ನು ಸೇರಿಸಿ ಒಂದಾಗಿ ತೋರಿಸುತ್ತವೆ. ಹಾಗಾಗಿ ತುಂಡಾಗಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಮೆಸೇಜ್ ಬರೆಯುವ ಜಾಗದಲ್ಲಿ ಆ ಸಾಲನ್ನು ಅಂಟಿಸಿ ನೋಡಿದರೆ ಹಲವು ಫೋನುಗಳಲ್ಲಿ ಪಕ್ಕದಲ್ಲಿ ಉಳಿದ ಅಕ್ಷರಗಳ ಎಣಿಕೆ ಕಾಣುತ್ತದೆ. ನಾನು ಪತ್ತೆ ಮಾಡಿದ್ದು ಹಾಗೇ.

ಸರಿ, ಚಿಕ್ಕದು ಮಾಡೋಣ ಅಂತ ಹೀಗೆ ಬದಲಿಸಿದೆ: 'ಚಿಕಿತ್ಸೆಯಲ್ಲಿದ್ದೇನೆ. ಆಮೇಲೆ ಫೋನ್ ಮಾಡುತ್ತೇನೆ.'

ಎರಡೇ ದಿನದಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. ನಾನು ಕೆಲಸದ ನಡುವೆ ಇದ್ದೆ, ಹೆಬ್ಬೆರಳಲ್ಲಿ ಈ ಸಾಲು ಒತ್ತಿದೆ. ಅವರು ಮತ್ತೆ ಮಾಡಿದರು. ಮತ್ತೂ ಮಾಡಿದರು. ಆಮೇಲೆ ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದ್ದಾರೆ: 'ಅತ್ತಿಗೆ, ಏನಾಯಿತು? ಯಾವ ಆಸ್ಪತ್ರೆ?' ನಾನೇ ಎಲ್ಲೋ ಮಲಗಿ ಚಿಕಿತ್ಸೆ ತಗೊಳ್ಳುತ್ತಿದ್ದೇನೆ ಅಂತ ಅವರು ತಿಳಿದಿದ್ದರು. ನನಗೆ ಆ ಮಾತು ಕೆಲಸದ ಮಾತು, ಅವರಿಗೆ ಕಾಯಿಲೆಯ ಮಾತು. ಆ ಒಂದು ಗಂಟೆ ಇಬ್ಬರು ದೊಡ್ಡವರನ್ನು ಹೆದರಿಸಿದ್ದು ನನಗೆ ಈಗಲೂ ನೋವು. ಅವತ್ತೇ ಆ ಪದ ತೆಗೆದು 'ಕೆಲಸದಲ್ಲಿದ್ದೇನೆ' ಅಂತ ಹಾಕಿದೆ. ಬರೆದ ಸಾಲನ್ನು ನನ್ನ ಕೆಲಸ ಏನೆಂದು ಗೊತ್ತಿಲ್ಲದ ಒಬ್ಬರಿಗೆ ಓದಿಸಿ, ಏನು ಅರ್ಥವಾಯಿತು ಅಂತ ಕೇಳುವುದನ್ನು ಅಲ್ಲಿಂದ ಶುರು ಮಾಡಿದೆ.

ಇನ್ನೊಂದು ತೊಡಕು ಕನ್ನಡದ್ದೇ. ಸಿದ್ಧ ಸಾಲು ಒಂದೇ, ಅದು ಹೋಗುವುದು ಎಲ್ಲರಿಗೂ. 'ಮೆಸೇಜ್ ಮಾಡಿ' ಅಂತ ಬರೆದರೆ ಚಿಕಿತ್ಸೆಗೆ ಬರುವವರಿಗೆ ಸರಿ. ಅದೇ ಸಾಲು ಬಾಲ್ಯದ ಗೆಳತಿಗೆ ಹೋದಾಗ 'ಏನಿದು, ಬಹುವಚನ? ಕೋಪವಾ?' ಅಂತ ಕೇಳಿದಳು. 'ಮೆಸೇಜ್ ಮಾಡು' ಅಂತ ಬರೆದರೆ ಹಿರಿಯರಿಗೆ ಕಳಿಸುವ ಹಾಗಿಲ್ಲ. ಇಷ್ಟು ಚಿಕ್ಕ ಪಟ್ಟಿಯಲ್ಲಿ ನೀನು, ನೀವು ಎರಡಕ್ಕೂ ಬೇರೆ ಬೇರೆ ಸಾಲು ಇಡಲು ಜಾಗವಿಲ್ಲ. ಹೆಬ್ಬೆರಳಿನ ಅವಸರದಲ್ಲಿ ಸರಿಯಾದದ್ದನ್ನು ಆರಿಸುವುದೂ ಕಷ್ಟ. ಕೊನೆಗೆ ಎದುರಿನವರಿಗೆ ಏನನ್ನೂ ಹೇಳದೆ, ನನ್ನ ಬಗ್ಗೆ ಮಾತ್ರ ಹೇಳುವ ಹಾಗೆ ಬರೆದೆ. ಏನಾದರೂ ಕೇಳಲೇಬೇಕಿದ್ದರೆ 'ಬರಲಿ' ಅಂತ ಮುಗಿಸಿದೆ. ಅಮ್ಮನಿಗೂ ಒಗ್ಗುತ್ತದೆ, ಹೊಸಬರಿಗೂ ಒಗ್ಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಸಿಕ್ಕ ಒಳ್ಳೆಯ ಉಪಾಯ ಇದೇ.

ಈಗ ನನ್ನ ಪಟ್ಟಿಯಲ್ಲಿ ಮೊದಲು ಇರುವುದು ಇದು: 'ಕೆಲಸದಲ್ಲಿದ್ದೇನೆ. ಒಂದು ಗಂಟೆಯೊಳಗೆ ನಾನೇ ಫೋನ್ ಮಾಡುತ್ತೇನೆ.' ಫೋನಿನ ಲೆಕ್ಕದಲ್ಲಿ 53. ದಿನಕ್ಕೆ ಜಾಸ್ತಿ ಹೋಗುವುದು ಇದೇ, ಅದಕ್ಕೇ ಮೇಲಿಟ್ಟಿದ್ದೇನೆ. ನಲವತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಅಂತ ಹೇಳಿದ್ದು ಬೇಕೆಂದೇ. ಹೇಳಿದ ಹೊತ್ತಿಗಿಂತ ಬೇಗ ಮಾಡಿದರೆ ಯಾರಿಗೂ ತೊಂದರೆಯಿಲ್ಲ.

ಎರಡನೆಯದು: 'ಕೆಲಸದಲ್ಲಿದ್ದೇನೆ. ತುರ್ತಿದ್ದರೆ ಇನ್ನೊಮ್ಮೆ ಫೋನ್ ಬರಲಿ, ಎತ್ತುತ್ತೇನೆ.' ಇದು 62. ಮನೆಯವರಿಗೆ ಇದನ್ನೇ ಕಳಿಸುತ್ತೇನೆ. ಇದನ್ನು ಕಳಿಸಿದ ಮೇಲೆ ಎರಡನೇ ಕರೆ ಬಂದರೆ, ಮುಂದಿರುವವರ ಹತ್ತಿರ ಒಂದು ನಿಮಿಷ ಕೇಳಿಕೊಂಡು ಎತ್ತಲೇಬೇಕು. ಎತ್ತದಿದ್ದರೆ ಈ ಸಾಲು ಸುಳ್ಳಾಗುತ್ತದೆ. ಒಂದು ಎಚ್ಚರಿಕೆ: ಮೆಸೇಜ್ ತಲುಪಲು ಕೆಲವು ಸೆಕೆಂಡ್ ಬೇಕು. ಕರೆ ಕಟ್ಟಾದ ತಕ್ಷಣ ಮತ್ತೆ ಒತ್ತುವ ಅಭ್ಯಾಸ ಇರುವವರು ಅದನ್ನು ಓದದೆಯೇ ಮಾಡಿರುತ್ತಾರೆ. ಆಗ ಅದು ತುರ್ತೋ ಅಲ್ಲವೋ ಗೊತ್ತಾಗುವುದಿಲ್ಲ. ಮನೆಯವರಿಗೆ ಬಾಯಿಮಾತಲ್ಲೇ ಹೇಳಿದ್ದೇನೆ, ಕಟ್ಟಾದರೆ ಮೊದಲು ಮೆಸೇಜ್ ನೋಡಿ ಅಂತ.

ಮೂರನೆಯದು: 'ಮಾತಾಡಲು ಆಗುತ್ತಿಲ್ಲ. ವಿಷಯ ಮೆಸೇಜಲ್ಲಿ ಬರಲಿ, ಓದುತ್ತೇನೆ.' ಇದು ಸಮಯ ಗೊತ್ತು ಮಾಡಲು ಕರೆಯುವವರಿಗೆ. ನಾಲ್ಕನೆಯದು ಮೊದಲನೆಯದರ ಇಂಗ್ಲಿಷ್ ರೂಪ, ಕನ್ನಡ ಓದಲು ಬಾರದವರಿಗಾಗಿ. 'ಗಾಡಿ ಓಡಿಸುತ್ತಿದ್ದೇನೆ' ಅನ್ನುವ ಸಾಲನ್ನು ಇಟ್ಟಿಲ್ಲ. ಓಡಿಸುವಾಗ ಅದನ್ನು ಹುಡುಕಿ ಒತ್ತುವುದೇ ಅಪಾಯ. 'ಊರಲ್ಲಿಲ್ಲ' ಅಂತಲೂ ಇಟ್ಟಿಲ್ಲ. ಕೈ ತಪ್ಪಿ ಗುರುತಿಲ್ಲದ ನಂಬರಿಗೆ ಹೋದರೆ ಮನೆ ಖಾಲಿ ಅಂತ ನಾನೇ ಹೇಳಿದ ಹಾಗೆ. ಮಾರಾಟದ ಕರೆಗಳಿಗಂತೂ ಸಾಲನ್ನೇ ಕಳಿಸುವುದಿಲ್ಲ, ಬರೀ ಕಟ್. ಉತ್ತರ ಹೋದರೆ ಈ ನಂಬರಿನಲ್ಲಿ ಜನ ಇದ್ದಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ.

ಕಳಿಸುವಾಗ ಹೊಸಬರು ಎಡವುವುದು ಒಂದೇ ಕಡೆ. ಫೋನ್ ಲಾಕ್ ಆಗಿದ್ದಾಗ ಕರೆ ಪೂರ್ತಿ ಪರದೆಯಲ್ಲಿ ಬರುತ್ತದೆ, ಮೆಸೇಜ್ ಬಟನ್ ಕಾಣುತ್ತದೆ. ಫೋನಿನಲ್ಲಿ ಏನೋ ನೋಡುತ್ತಿರುವಾಗ ಕರೆ ಬಂದರೆ ಮೇಲೆ ಒಂದು ಪಟ್ಟಿ ಮಾತ್ರ ಬರುತ್ತದೆ. ಅದರಲ್ಲಿ ಎತ್ತು, ಕಟ್ ಮಾಡು ಅಷ್ಟೇ ಇರುವುದು ಜಾಸ್ತಿ. ಬಟನ್‌ಗಳನ್ನು ಬಿಟ್ಟು ಆ ಪಟ್ಟಿಯನ್ನೇ ಒತ್ತಿದರೆ ಪೂರ್ತಿ ಪರದೆ ತೆರೆದು ಮೆಸೇಜ್ ಸಿಗುತ್ತದೆ. ಸಿದ್ಧ ಸಾಲುಗಳ ಪಟ್ಟಿಯ ಕೊನೆಯಲ್ಲಿ ಅಲ್ಲೇ ಟೈಪ್ ಮಾಡಿ ಕಳಿಸುವ ಆಯ್ಕೆಯೂ ಇದೆ. ನನ್ನ ಕೆಲಸದಲ್ಲಿ ಅದಕ್ಕೆ ಬಿಡುವು ಸಿಗುವುದು ಅಪರೂಪ.

ಇವು ಹೋಗುವುದು ನಮ್ಮ ಸಿಮ್‌ನಿಂದ, ಮಾಮೂಲಿ ಎಸ್ಸೆಮ್ಮೆಸ್ ಆಗಿ. ಐಫೋನ್‌ನಿಂದ ಐಫೋನ್‌ಗಾದರೆ ಐಮೆಸೇಜ್ ಆಗಿಯೂ ಹೋಗಬಹುದು. ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಮುಗಿದಿದ್ದರೆ ಕರೆ ಕಟ್ಟಾಗುತ್ತದೆ, ಮೆಸೇಜ್ ಹೋಗುವುದಿಲ್ಲ. ನನಗೆ ಒಮ್ಮೆ ಇಡೀ ಮಧ್ಯಾಹ್ನ ಹೀಗಾಯಿತು. ಸಂಜೆ ಮೆಸೇಜ್ ಆ್ಯಪ್ ತೆರೆದಾಗ ಪ್ರತಿ ಸಾಲಿನ ಕೆಳಗೂ 'ಹೋಗಿಲ್ಲ' ಎಂಬ ಗುರುತು ಇತ್ತು. ಲ್ಯಾಂಡ್‌ಲೈನಿನಿಂದ ಕರೆದವರಿಗೂ ಇದನ್ನು ನಂಬಬೇಡಿ. ವಾಟ್ಸಾಪ್ ಕರೆಗೆ ಈ ಪಟ್ಟಿ ಬರುವುದಿಲ್ಲ. ನಮ್ಮ ದೊಡ್ಡಮ್ಮನ ಹಳೆಯ ಕೀಪ್ಯಾಡ್ ಫೋನಿನಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಅವರ ಕರೆಯನ್ನು ಈಗ ಕಟ್ ಮಾಡುವುದೇ ಇಲ್ಲ. ರಿಂಗಾಗಲು ಬಿಟ್ಟು, ಮುಗಿದ ಮೇಲೆ ನಾನೇ ಮಾಡುತ್ತೇನೆ.

ಕಳಿಸಿದ್ದನ್ನು ಮರೆಯದಿರಲು ಬೇರೆ ಏನೂ ಮಾಡಿಕೊಂಡಿಲ್ಲ. ಒಬ್ಬರ ಚಿಕಿತ್ಸೆ ಮುಗಿದು ಕೈ ತೊಳೆದ ಕೂಡಲೇ ಮೆಸೇಜ್ ಆ್ಯಪ್ ತೆರೆಯುತ್ತೇನೆ. ಮೇಲೆ ಇರುವ ನನ್ನ ಸಾಲುಗಳೇ ನನ್ನ ಪಟ್ಟಿ. ಕೆಳಗಿನಿಂದ ಶುರು ಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಬರುತ್ತೇನೆ, ಜಾಸ್ತಿ ಹೊತ್ತು ಕಾದವರು ಮೊದಲು. ನಾಲ್ಕು ಸಾಲುಗಳನ್ನೂ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೇನೆ. ಫೋನ್ ಬದಲಿಸಿದಾಗ ಉಳಿದದ್ದೆಲ್ಲ ಬಂತು, ಇವು ಬರಲಿಲ್ಲ. ಮೊದಲ ದಿನವೇ ಅಮ್ಮನಿಗೆ ಮತ್ತೆ ಇಂಗ್ಲಿಷ್ ಸಾಲು ಹೋಯಿತು.