ಕಣಜ ಮುಚ್ಚುವ ಮುನ್ನ ಕಾಳಿನ ಉಸಿರು ಅಳೆಯಿರಿ

ಒಣಗಿದ ಮೆಕ್ಕೆಜೋಳದ ಕಾಳನ್ನು ಅಂಗೈಯಲ್ಲಿ ಹಿಡಿದರೆ ಸಣ್ಣ ಕಲ್ಲು ಹಿಡಿದಂತೆಯೇ ಇರುತ್ತದೆ. ಆದರೆ ಬಿತ್ತಿದರೆ ಅದೇ ಕಾಳು ಮೊಳೆಯುತ್ತದೆ. ಅಂದರೆ ಅಷ್ಟು ದಿನವೂ ಒಳಗೆ ಜೀವ ಇತ್ತು, ತನ್ನ ಪಿಷ್ಟವನ್ನೇ ಚೂರುಚೂರು ಕರಗಿಸಿಕೊಂಡು ಉಸಿರಾಡುತ್ತಿತ್ತು. ಆ ಉಸಿರಾಟದ ಲೆಕ್ಕ ಒಂದೇ ಸಾಲಿನದು:

C₆H₁₂O₆ + 6O₂ → 6CO₂ + 6H₂O + ಶಾಖ

ಸಕ್ಕರೆ ಉರಿದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಬಿಸಿ ಹುಟ್ಟುತ್ತವೆ. ಕಾಳು ಕೆಡುವ ಕಥೆಯೆಲ್ಲ ಈ ಕೊನೆಯ ಎರಡರಲ್ಲಿದೆ. ಹುಟ್ಟಿದ ನೀರು ಕಾಳನ್ನು ಇನ್ನಷ್ಟು ತೇವ ಮಾಡುತ್ತದೆ, ಹುಟ್ಟಿದ ಬಿಸಿ ಉಸಿರಾಟದ ವೇಗ ಹೆಚ್ಚಿಸುತ್ತದೆ, ವೇಗ ಹೆಚ್ಚಿದಂತೆ ಮತ್ತೆ ನೀರು, ಮತ್ತೆ ಬಿಸಿ. ಈ ಚಕ್ರ ಸುತ್ತಲು ಶುರುವಾಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ತುಂಬುವ ದಿನ ಕಾಳಿನಲ್ಲಿದ್ದ ತೇವಾಂಶ.

ಮೊದಲು ಒಂದು ಟನ್ನಿನ ಲೆಕ್ಕ

16 ಶೇಕಡಾ ತೇವಾಂಶದ 1000 ಕೆ.ಜಿ. ಮೆಕ್ಕೆಜೋಳ ಇದೆ ಎಂದುಕೊಳ್ಳಿ. ಅದರಲ್ಲಿ ನೀರು 160 ಕೆ.ಜಿ., ಉಳಿದ 840 ಕೆ.ಜಿ. ಒಣ ಪದಾರ್ಥ. ಈ ಒಣ ಪದಾರ್ಥದಲ್ಲಿ ಅರ್ಧ ಶೇಕಡಾ, ಅಂದರೆ 4.2 ಕೆ.ಜಿ. ಮಾತ್ರ ಉಸಿರಾಟದಲ್ಲಿ ಉರಿದುಹೋಯಿತು ಎಂದಿಟ್ಟುಕೊಳ್ಳೋಣ. ತಕ್ಕಡಿಯಲ್ಲಿ ಗೊತ್ತೇ ಆಗದಷ್ಟು ಸಣ್ಣ ನಷ್ಟ. ಆದರೆ ಮೆಕ್ಕೆಜೋಳದ ದರ್ಜೆ ಕುಸಿಯುವ ಗಡಿಯೆಂದು ಸಂಗ್ರಹಣಾ ತಜ್ಞರು ಹಿಡಿಯುವುದು ಇಷ್ಟನ್ನೇ.

ಸುಟ್ಟದ್ದೆಲ್ಲ ಸಕ್ಕರೆ ಎಂದು ಲೆಕ್ಕ ಹಾಕಿದರೆ ಸುಮಾರು 2.5 ಕೆ.ಜಿ. ನೀರು ಹುಟ್ಟುತ್ತದೆ. ಅದು ಪೂರ್ತಿ ಒಳಗೇ ಉಳಿದರೂ ತೇವಾಂಶ 16ರಿಂದ 16.3ಕ್ಕೆ ಏರೀತು, ಅಷ್ಟೆ. ಇಷ್ಟಕ್ಕೇ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬಿಸಿಗೆ. ಅಷ್ಟು ಸಕ್ಕರೆಯಿಂದ ಹೊರಡುವ ಶಾಖ ಸುಮಾರು 65 ಮೆಗಾಜೂಲ್, ವಿದ್ಯುತ್ತಿನ ಲೆಕ್ಕದಲ್ಲಿ 18 ಯೂನಿಟ್. ಒಂದಿಷ್ಟೂ ಹೊರಗೆ ಹೋಗದಿದ್ದರೆ ಇಡೀ ರಾಶಿಯನ್ನು 34 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಅದು ಸಾಕು. ಹೊರಗೆ ಹೋಗುವುದೂ ಸುಲಭವಲ್ಲ, ಏಕೆಂದರೆ ಕಾಳಿನ ರಾಶಿ ಮರದ ಹೊಟ್ಟಿನಂತೆ ಶಾಖವನ್ನು ಹಿಡಿದಿಡುತ್ತದೆ. ನಡುವೆ ಮೈ ಸುಡುವಷ್ಟು ಕಾದಿದ್ದರೂ ಒಂದು ಮಾರು ಆಚೆಗೆ ಏನೂ ಗೊತ್ತಾಗುವುದಿಲ್ಲ.

ಇಷ್ಟೂ ಉಸಿರು ಕಾಳಿನದೇ ಅಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮಿಲ್ನರ್ ಮತ್ತು ಗೆಡ್ಡೆಸ್ 1940ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಗೊತ್ತಾದದ್ದು, ತೇವಾಂಶ ಒಂದು ಗಡಿ ದಾಟಿದ ಕೂಡಲೇ ಉಸಿರಾಟ ದಿಢೀರನೆ ಏರುವುದಕ್ಕೆ ಮುಖ್ಯ ಕಾರಣ ಕಾಳಿನ ಮೇಲೆ ಬೆಳೆಯುವ ಬೂಷ್ಟು. ಹಾಗಾಗಿ ಕಾಳು ಎಷ್ಟು ದಿನ ಬಾಳುತ್ತದೆ ಎಂದು ಕೇಳುವುದೂ ಬೂಷ್ಟಿಗೆ ಕುಡಿಯಲು ನೀರು ಸಿಗುತ್ತದೆಯೇ ಎಂದು ಕೇಳುವುದೂ ಹೆಚ್ಚುಕಡಿಮೆ ಒಂದೇ.

ಅಳೆಯಬೇಕಾದದ್ದು ಕಾಳಿನ ಸುತ್ತಲಿನ ಗಾಳಿಯನ್ನು

ಕಾಳಿನಲ್ಲಿರುವ ನೀರೆಲ್ಲ ಬೂಷ್ಟಿಗೆ ದಕ್ಕುವುದಿಲ್ಲ. ಒಂದಷ್ಟು ನೀರನ್ನು ಪಿಷ್ಟ ಮತ್ತು ಪ್ರೋಟೀನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಸಡಿಲವಾಗಿರುವ ನೀರು ಮಾತ್ರ ಆವಿಯಾಗಿ ಕಾಳುಗಳ ನಡುವಿನ ಗಾಳಿಗೆ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಗಾಳಿಯ ಸಾಪೇಕ್ಷ ಆರ್ದ್ರತೆ 65 ಶೇಕಡಾದ ಒಳಗಿದ್ದರೆ ಬೂಷ್ಟು ಏಳಲಾರದು. 70 ದಾಟಿದರೆ ಬರ ತಡೆಯುವ ಜಾತಿಯ ಶಿಲೀಂಧ್ರಗಳು ನಿಧಾನಕ್ಕೆ ಶುರು ಮಾಡುತ್ತವೆ. ಸುಮಾರು 25 ಡಿಗ್ರಿಯಲ್ಲಿ ಮೆಕ್ಕೆಜೋಳ, ಗೋಧಿ, ಭತ್ತಗಳಿಗೆ ಈ 65 ಎಂಬುದು 13 ಶೇಕಡಾ ತೇವಾಂಶದ ಆಸುಪಾಸಿನಲ್ಲಿ ಬರುತ್ತದೆ.

ಕಡಲೆಕಾಯಿ ಬೀಜವನ್ನು ಮಾತ್ರ 7 ಶೇಕಡಾಕ್ಕೆ ಒಣಗಿಸಿ ಎನ್ನುವುದೇಕೆ ಎಂದು ಕೇಳುವವರಿದ್ದಾರೆ. ಅದರ ಅರ್ಧದಷ್ಟು ಎಣ್ಣೆ, ಎಣ್ಣೆ ನೀರು ಹಿಡಿಯುವುದಿಲ್ಲ. 100 ಗ್ರಾಂ ಬೀಜದಲ್ಲಿ 47 ಗ್ರಾಂ ಎಣ್ಣೆ ತೆಗೆದಿಟ್ಟರೆ, ಉಳಿದ 53 ಗ್ರಾಂನಲ್ಲಿ ಆ 7 ಗ್ರಾಂ ನೀರು ಎಂದರೆ ಅದೇ 13 ಶೇಕಡಾ!

ಈಗ ಅಳೆಯುವ ಕೆಲಸ. ಬೇಕಾದದ್ದು ಬಿಗಿ ಮುಚ್ಚಳದ ಗಾಜಿನ ಜಾಡಿ ಮತ್ತು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್. ಮೊದಲು ಹೈಗ್ರೋಮೀಟರನ್ನೇ ಪರೀಕ್ಷಿಸಿ, ಅಗ್ಗದವು ಸುಳ್ಳು ಹೇಳುವುದು ಹೆಚ್ಚು. ಬಾಟಲಿಯ ಮುಚ್ಚಳವೊಂದರಲ್ಲಿ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಅದನ್ನೂ ಮಾಪಕವನ್ನೂ ಜಾಡಿಯಲ್ಲಿಟ್ಟು ರಾತ್ರಿಯಿಡೀ ಮುಚ್ಚಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ 75 ಶೇಕಡಾದಲ್ಲಿ ನಿಲ್ಲುತ್ತದೆ. ಮಾಪಕ 79 ತೋರಿಸಿದರೆ, ಮುಂದೆ ಅದು ತೋರಿಸುವುದರಲ್ಲೆಲ್ಲ 4 ಕಳೆಯಿರಿ.

ಆಮೇಲೆ ಜಾಡಿಯ ಮುಕ್ಕಾಲು ಭಾಗ ಕಾಳು ತುಂಬಿ, ಮಾಪಕ ಒಳಗಿಟ್ಟು, ಬಿಸಿಲು ತಾಗದ ಕಡೆ ಮತ್ತೆ ಒಂದು ರಾತ್ರಿ ಬಿಡಿ. ಒಂದು ಗಂಟೆಗೇ ನೋಡುವ ಆತುರ ಬೇಡ. ಈಗಷ್ಟೇ ಬಿಸಿಲಿನಿಂದ ತೆಗೆದ ಕಾಳಿನ ಹೊರಮೈ ಒಣಗಿದ್ದು ಒಳಗೆ ಹಸಿಯಿರುತ್ತದೆ. ಜಾಡಿಯ ಗಾಳಿಗೆ ಮೊದಲು ಸಿಗುವುದು ಹೊರಮೈಯ ಸುದ್ದಿ. ತೇವಾಂಶ ಮೀಟರು ಸಂಜೆ 13 ತೋರಿಸಿ ಮರುದಿನ 14 ತೋರಿಸುವುದೂ ಇದರಿಂದಲೇ. ಮೀಟರು ಕೆಟ್ಟಿದೆ ಎಂದು ಬೈಯುವ ಮುನ್ನ ಇದನ್ನು ನೆನೆಯಿರಿ.

ಮಾಪಕವೇ ಇಲ್ಲದವರು ಒಣ ಜಾಡಿಗೆ ಒಂದೆರಡು ಹಿಡಿ ಕಾಳು, ಮೂರ್ನಾಲ್ಕು ಚಮಚ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಕುಲುಕಿ, ಹತ್ತು ನಿಮಿಷ ಬಿಟ್ಟು ನೋಡಬಹುದು. ಉಪ್ಪು ಗಾಜಿಗೆ ಅಂಟಿದರೆ ಗಾಳಿ 75 ದಾಟಿದೆ, ಕಾಳು ಸುಮಾರು 15 ಶೇಕಡಾಕ್ಕಿಂತ ಹಸಿ. ಆದರೆ ಅಂಟದಿದ್ದರೆ ಸಾಕಷ್ಟು ಒಣಗಿದೆ ಎಂದಲ್ಲ. 14 ಶೇಕಡಾದ ಕಾಳಿಗೂ ಉಪ್ಪು ಅಂಟುವುದಿಲ್ಲ. ಇದು ಬೇಡ ಎನ್ನಲು ಬರುವ ಪರೀಕ್ಷೆ, ಹೂಂ ಎನ್ನಲು ಬರುವುದಿಲ್ಲ.

ಸರಾಸರಿ ಎಂಬ ಬಲೆ

ಯಾವ ಕಾಳನ್ನು ಜಾಡಿಗೆ ಹಾಕಿದಿರಿ ಎನ್ನುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 50 ಕೆ.ಜಿ.ಯ 20 ಚೀಲಗಳಿವೆ. 19 ಚೀಲ 12.5 ಶೇಕಡಾದಲ್ಲಿವೆ, ಮಳೆ ತಾಗಿದ ಒಂದು ಚೀಲ ಮಾತ್ರ 20ರಲ್ಲಿದೆ. ಎಲ್ಲದರಿಂದ ಒಂದೊಂದು ಹಿಡಿ ತೆಗೆದು ಬೆರೆಸಿ ಅಳೆದರೆ ಸರಾಸರಿ 12.9, ಕಾಗದದ ಮೇಲೆ ನಿಶ್ಚಿಂತೆ. ಆದರೆ ಬೂಷ್ಟಿಗೆ ಸರಾಸರಿ ಬೇಕಿಲ್ಲ, ಒಂದು ಒದ್ದೆ ಚೀಲ ಸಾಕು. ಅದು ಕಾದು, ಅದರ ಆವಿ ಪಕ್ಕದ ಒಣ ಚೀಲಗಳಿಗೆ ತಾಗಿ, ಅವೂ ಶುರುವಾಗುತ್ತವೆ. ಆದ್ದರಿಂದ ಚೀಲದ ಮೇಲುಭಾಗ, ನಡುವು, ತಳ ಮೂರೂ ಕಡೆ ಮೊನಚು ಕೊಳವೆ ಚುಚ್ಚಿ ಕಾಳು ತೆಗೆಯಿರಿ. ಅನುಮಾನದ ಚೀಲಗಳನ್ನು ಬೇರೆಯಾಗಿಯೇ ಅಳೆಯಿರಿ. ಒಣ ಕಾಳಿಗೆ ಹಸಿ ಕಾಳು ಬೆರೆಸಿ ಸರಿದೂಗಿಸುವ ಉಪಾಯ ಮಾಡಬೇಡಿ. ನೀರು ಸಮನಾಗಿ ಹಂಚಿಕೊಳ್ಳುವ ಮೊದಲೇ ಬೂಷ್ಟು ಎದ್ದಿರುತ್ತದೆ.

ಎಷ್ಟು ತೂಕ ಇಳಿಯಬೇಕು

16ರಿಂದ 13ಕ್ಕೆ ಇಳಿಸಲು ತೂಕದಲ್ಲಿ 3 ಶೇಕಡಾ ಕಳೆದರೆ ಸಾಕು ಎಂದು ಅನ್ನಿಸುತ್ತದೆ, ಸಾಲದು. ಒಣ ಪದಾರ್ಥ ಬದಲಾಗುವುದಿಲ್ಲ, ಒಟ್ಟು ತೂಕ ಕುಗ್ಗುತ್ತದೆ. 50 ಕೆ.ಜಿ. ಚೀಲದಲ್ಲಿ ಒಣ ಪದಾರ್ಥ 42 ಕೆ.ಜಿ. ಅದು ಹೊಸ ತೂಕದ 87 ಶೇಕಡಾ ಆಗಬೇಕು. 42ನ್ನು 0.87ರಿಂದ ಭಾಗಿಸಿದರೆ 48.3 ಕೆ.ಜಿ. ಮೊದಲ ತೇವಾಂಶ ಸರಿಯಾಗಿ ಗೊತ್ತಿದ್ದರೆ, ಒಂದು ಚೀಲಕ್ಕೆ ಗುರುತು ಹಾಕಿ, ಕಾಳು ಚೆಲ್ಲದಂತೆ ಒಣಗಿಸಿ ತೂಗುತ್ತಿರಿ. ತಕ್ಕಡಿ 48.3ಕ್ಕೆ ಬಂದಾಗ ಜಾಡಿಯಲ್ಲಿ ಮತ್ತೊಮ್ಮೆ ನೋಡಿ.

ಒಣಗಿದ ಮೇಲೆ ನೆರಳಿನಲ್ಲಿ ಹರಡಿ ಆರಲು ಬಿಡಿ. ಬಿಸಿ ಕಾಳನ್ನು ತುಂಬಿ ಮುಚ್ಚಿದರೆ ರಾತ್ರಿ ಕಣಜದ ಗೋಡೆ ತಣ್ಣಗಾಗಿ ಒಳಗಿನ ಆವಿ ಅಲ್ಲಿ ಹನಿಗಟ್ಟುತ್ತದೆ. ಇದೇ ಕೆಲಸ ನಿಧಾನಕ್ಕೆ, ತಿಂಗಳುಗಟ್ಟಲೆ, ದೊಡ್ಡ ಕಣಜಗಳಲ್ಲಿ ನಡೆಯುತ್ತದೆ. ಹೊರಗೆ ಚಳಿ ಬಿದ್ದಾಗ ನಡುವಿನ ಬೆಚ್ಚಗಿನ ಗಾಳಿ ಮೇಲೇರಿ, ಮೇಲಿನ ತಣ್ಣನೆಯ ಪದರಕ್ಕೆ ತನ್ನ ತೇವ ಬಿಡುತ್ತದೆ. 13ರಲ್ಲಿ ತುಂಬಿದ ಕಾಳಿನ ಮೇಲುಪದರ ಹೆಪ್ಪುಗಟ್ಟಿ ಗಟ್ಟೆಯಾಗಿರುವುದನ್ನು ನೋಡಿ ಮಳೆ ಸೋರಿದೆ ಎಂದು ಮಾಡು ಹುಡುಕುವವರುಂಟು. ಸೋರಿದ್ದು ಕಾಳಿನೊಳಗಿಂದಲೇ.

ಬಿತ್ತನೆಗೆಂದು ಇಟ್ಟ ಕಾಳಿಗೆ 13 ಸಾಲದು. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿಯ ಹೆಸರಿನ ಒಂದು ಕೈಲೆಕ್ಕವಿದೆ. ತೇವಾಂಶ ಒಂದು ಶೇಕಡಾ ಇಳಿದಂತೆಲ್ಲ ಬೀಜದ ಆಯಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆ ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. 5ರಿಂದ 14 ಶೇಕಡಾದ ನಡುವೆ ಮಾತ್ರ ನಡೆಯುವ ಲೆಕ್ಕ ಇದು, ಆದರೂ 13ರ ಬೀಜಕ್ಕೂ 10ರದಕ್ಕೂ ಎಂಟು ಪಟ್ಟು ಅಂತರ.

ಮುಚ್ಚಿದ ಮೇಲೆ ಕಾವಲು

ರಾಶಿಯ ನಡುವಿಗೆ ಮುಟ್ಟುವಷ್ಟು ಉದ್ದದ ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿ, ಅರ್ಧ ಗಂಟೆ ಬಿಟ್ಟು ಎಳೆದು ತಕ್ಷಣ ಮುಟ್ಟಿ ನೋಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ಮೇಲೆ, ನಡುವೆ, ಗೋಡೆಯ ಪಕ್ಕ. ಒಂದು ಕಡೆ ಮಾತ್ರ ಬೆಚ್ಚಗಿದ್ದರೆ ಅಲ್ಲಿ ಉಸಿರಾಟ ಜೋರಾಗಿದೆ. ಥರ್ಮಾಮೀಟರ್ ಇದ್ದವರು ಬರೆದಿಟ್ಟುಕೊಳ್ಳಲಿ. ಒಂದು ದಿನದ ಅಂಕಿಗಿಂತ ವಾರದಿಂದ ವಾರಕ್ಕೆ ಆಗುವ ಏರಿಕೆ ಮುಖ್ಯ. ಒಣಗಿದ ಕಾಳೂ ಬಿಸಿಯಾಗುವುದುಂಟು, ಹುಳಗಳೂ ಉಸಿರಾಡುತ್ತವಲ್ಲ. ಆದರೆ ಹುಳದ ಬಿಸಿ 40 ಡಿಗ್ರಿ ದಾಟಿ ಬಹಳ ಮೇಲೆ ಹೋಗುವುದಿಲ್ಲ, ಅಷ್ಟರಲ್ಲಿ ಅವೇ ಜಾಗ ಬಿಟ್ಟು ಓಡುತ್ತವೆ. 50ರ ಹತ್ತಿರ ಬಂದರೆ ಅದು ಬೂಷ್ಟಿನದು.

ಮುಗ್ಗಲು ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ವಾಸನೆ ಬಂತೆಂದು ದೊಡ್ಡ ಕಣಜದೊಳಗೆ ಇಳಿಯಲೂಬೇಡಿ. ನಮ್ಮ ಒಂದು ಟನ್ನಿನ ಲೆಕ್ಕದಲ್ಲೇ 6 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟಿತ್ತು, ಮೂರೂವರೆ ಸಾವಿರ ಲೀಟರಿನಷ್ಟು. ಅದು ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನಿಲ್ಲುತ್ತದೆ. ಆಮ್ಲಜನಕವೂ ಖರ್ಚಾಗಿರುತ್ತದೆ.

ಬಿಸಿ ಕಂಡರೆ ಹೊರಗಿನಿಂದಲೇ ಕಾಳು ಇಳಿಸಿ ತೆಳ್ಳಗೆ ಹರಡಿ, ತಣ್ಣಗಾಗಿಸಿ, ಮತ್ತೆ ಒಣಗಿಸಿ, ಮತ್ತೆ ಜಾಡಿಯಲ್ಲಿ ಅಳೆಯಿರಿ. ಬೂಷ್ಟು ಹಿಡಿದು ಗಟ್ಟೆಯಾದ ಭಾಗವನ್ನು ಒಣಗಿಸಿ ಉಳಿದದ್ದಕ್ಕೆ ಬೆರೆಸಬೇಡಿ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಅದು ಈಗಾಗಲೇ ಬಿಟ್ಟಿರಬಹುದಾದ ಅಫ್ಲಾಟಾಕ್ಸಿನ್ ವಿಷ ಮಾತ್ರ ಅಲ್ಲೇ ಉಳಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಕಾಳು ದನಕ್ಕೂ ಕೋಳಿಗೂ ಬೇಡ.